ಪ್ರತಿಕ್ರಿಯೆ: ವ್ಯಾಂಕೊಮೈಸಿನ್ ಮತ್ತು ಬಾಲ ಬದಲಿಸುವ ಎಂಟೆರೊಕಾಕಸ್

> "ಒಂದೇ ಒಂದು ಪರಮಾಣು ಬದಲಾದರೆ ವ್ಯಾಂಕೊಮೈಸಿನ್ ಯಾಕೆ ಸೋಲುತ್ತೆ?"

ವ್ಯಾಂಕೊಮೈಸಿನ್ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ಆದರೆ ಯಾವ ಕಿಣ್ವವನ್ನೂ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾದ ಕೋಶಭಿತ್ತಿಗೆ ಸೇರಬೇಕಾದ ಬಿಡಿಭಾಗದ ಬಾಲವನ್ನೇ, ಅಂದರೆ ಕೊನೆಯ ಎರಡು ಅಮೈನೋ ಆಮ್ಲಗಳಾದ ಡಿ-ಅಲನಿನ್‌ಗಳನ್ನು, 5 ಹೈಡ್ರೋಜನ್ ಬಂಧಗಳಿಂದ ಅಪ್ಪಿಕೊಳ್ಳುತ್ತದೆ. ಭಿತ್ತಿ ಕಟ್ಟುವ ಕಿಣ್ವಕ್ಕೆ ಆಮೇಲೆ ಅದು ಸಿಗುವುದೇ ಇಲ್ಲ.

ಈ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವಾದ VanA ಬಗೆಯ ಎಂಟೆರೊಕಾಕಸ್‌ನಲ್ಲಿ VanH ಕಿಣ್ವ ಪೈರುವೇಟನ್ನು ಡಿ-ಲ್ಯಾಕ್ಟೇಟ್ ಮಾಡುತ್ತದೆ, VanA ಎಂಬ ಕಿಣ್ವ ಅದನ್ನು ಡಿ-ಅಲನಿನ್‌ಗೆ ಜೋಡಿಸುತ್ತದೆ. ಆಗ ಬಾಲದಲ್ಲಿ NH ಇದ್ದಲ್ಲಿ ಆಮ್ಲಜನಕ ಬರುತ್ತದೆ. ಒಂದು ಬಂಧ ಹೋಗುವುದಷ್ಟೇ ಅಲ್ಲ, ಎದುರುಬದುರಾದ ಬಾಲದ ಮತ್ತು ಔಷಧಿಯ ಆಮ್ಲಜನಕಗಳು ಪರಸ್ಪರ ತಳ್ಳುತ್ತವೆ. ಹೆಚ್ಚಿನ ನಷ್ಟ ಇದರಿಂದಲೇ. ಹಿಡಿತ ಸುಮಾರು 1000 ಪಟ್ಟು ಸಡಿಲ.

ಆದರೆ ಹಳೆಯ ಬಾಲಗಳು ಉಳಿದರೆ ಔಷಧಿ ಅವನ್ನೇ ಹಿಡಿದು ಗೆಲ್ಲುತ್ತದೆ. ಅದಕ್ಕೇ VanX ಎಂಬ ಕಿಣ್ವ ಹಳೆಯ ಅಲನಿನ್ ಜೋಡಿಗಳನ್ನು ಮೊದಲೇ ಕತ್ತರಿಸುತ್ತದೆ. ಅದು ಕೆಟ್ಟರೆ ನಿರೋಧಕತೆ ಬಹುಪಾಲು ಕುಸಿಯುತ್ತದೆ.