ಹೊಲಿಗೆ ವಿಡಿಯೋಗೆ ಕ್ಯಾಪ್ಷನ್: ಮೊದಲ ಸಾಲಲ್ಲಿ ಏನಿರಬೇಕು?

"ನಾನು ಟೈಲರ್. ಹೊಲಿಯೋದನ್ನ ತೋರಿಸೋ ಚಿಕ್ಕ ವಿಡಿಯೋ ಹಾಕ್ತೀನಿ. ಕ್ಯಾಪ್ಷನ್‌ನ ಮೊದಲ ಸಾಲಲ್ಲೇ ಜನ ನಿಲ್ಲೋ ಹಾಗೆ ಬರೆಯೋದು ಹೇಗೆ?"

ಕೆಲಸದ ಹೆಸರಿಂದ ಶುರು ಮಾಡಬೇಡಿ. ಆ ಕೆಲಸ ಕೆಟ್ಟರೆ ಬಟ್ಟೆ ಹೇಗೆ ಕಾಣುತ್ತೋ ಅಲ್ಲಿಂದ ಶುರು ಮಾಡಿ. ಹೊಲಿಗೆ ವಿಡಿಯೋಗಳಿಗೆ ನಾನು ಬರೆಯೋದೇ ಹಾಗೆ.

ದುಂಡು ಕತ್ತಿಗೆ ಫೇಸಿಂಗ್, ಅಂದ್ರೆ ಒಳಪಟ್ಟಿ, ಕೂರಿಸೋ ವಿಡಿಯೋ ಅಂದುಕೊಳ್ಳಿ. "ದುಂಡು ಕತ್ತಿಗೆ ಫೇಸಿಂಗ್ ಹೊಲಿಯುವ ವಿಧಾನ" ಅಂತ ಬರೆದರೆ ಹೊಲಿಗೆ ಬಲ್ಲವರು ಗೊತ್ತಿರೋದೇ ಅಂತ ಮುಂದೆ ಹೋಗ್ತಾರೆ, ಬಾರದವರಿಗೆ ಫೇಸಿಂಗ್ ಅಂದ್ರೇನು ಅನ್ನೋದೇ ತಿಳಿಯಲ್ಲ. ಈ ಕೆಲಸದಲ್ಲಿ ಎಡವೋ ಜಾಗ ಎರಡು. ತಿರುವಿನ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕದಿದ್ದರೆ ಕತ್ತು ಬಿಗಿದು ಸುಕ್ಕಾಗುತ್ತೆ. ಅಂಚನ್ನ ಫೇಸಿಂಗ್‌ಗೆ ಸೇರಿಸಿ ಹೊಲಿಯದಿದ್ದರೆ ಒಳಪಟ್ಟಿ ಹೊರಕ್ಕೆ ಬರುತ್ತೆ. ಕ್ಯಾಮೆರಾ ಇವೆರಡರಲ್ಲಿ ಯಾವುದನ್ನ ಹತ್ತಿರದಿಂದ ತೋರಿಸಿದೆಯೋ ಅದೊಂದನ್ನೇ ಮೊದಲ ಸಾಲಿಗೆ ಆರಿಸಿ. ಎರಡನೆಯದಾದರೆ ನಾನು ಹೀಗೆ ಬರೀತೀನಿ:

"ಕತ್ತಿನ ಒಳಪಟ್ಟಿ ಹೊರಗೆ ಇಣುಕುತ್ತಾ?
ಕಚ್ಚು ಹಾಕಿದ ಮೇಲೆ ಅಂಚನ್ನೆಲ್ಲ ಫೇಸಿಂಗ್ ಕಡೆಗೆ ತಳ್ಳಿ, ಮೊದಲ ಹೊಲಿಗೆಯ ಪಕ್ಕದಲ್ಲೇ ಫೇಸಿಂಗ್ ಮೇಲೆ ಇನ್ನೊಂದು ಹೊಲಿಗೆ ಓಡಿಸಿ. ತಿರುಗಿಸಿ ಇಸ್ತ್ರಿ ಮಾಡಿದರೆ ಅದು ಹೊರಗಡೆಯಿಂದ ಕಾಣಲ್ಲ."

ಉತ್ತರ ಎರಡನೇ ಸಾಲಲ್ಲೇ ಇದೆ ನೋಡಿ. "ಕೊನೆವರೆಗೂ ನೋಡಿ, ಆಶ್ಚರ್ಯ ಕಾದಿದೆ" ಅನ್ನೋ ಜಾತಿಯ ಸಾಲು ನನಗಂತೂ ಹಿಡಿಸಲ್ಲ. ಅದನ್ನ ಅಡುಗೆ ವಿಡಿಯೋ ಕೆಳಗೂ ಅಂಟಿಸಬಹುದು.

ಮೊದಲ ಸಾಲು ಗಿಡ್ಡ ಇರಲೇಬೇಕು. ರೀಲ್ಸ್‌ನಲ್ಲಿ ಕ್ಯಾಪ್ಷನ್‌ನ ಶುರುವಿನ ತುಂಡಷ್ಟೇ ಕಾಣೋದು, ಮಿಕ್ಕಿದ್ದು ಒತ್ತಿದರೆ ಮಾತ್ರ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಇದು ಇನ್ನೂ ಕಷ್ಟ. "ನೀವು ಎಷ್ಟೇ ಜೋಪಾನವಾಗಿ ಹೊಲಿದರೂ ಒಂದೊಂದ್ಸಲ ಕತ್ತಿನ ಒಳಪಟ್ಟಿ..." ಅಂತ ಹೋದರೆ "ಇಣುಕುತ್ತಾ" ಅನ್ನೋದು ಮರೆಯಾಗಿ ಬಿಡುತ್ತೆ, ಜೀವ ಇರೋದೇ ಅದರಲ್ಲಿ. ನಾಲ್ಕೈದು ಪದಕ್ಕೆ ಮುಗಿಸಿ. ಹಾಕಿದ ಮೇಲೆ ಚಿಕ್ಕ ಪರದೆಯ ಫೋನಲ್ಲಿ ಒಮ್ಮೆ ತೆರೆದು, ಸಾಲು ಎಲ್ಲಿ ತುಂಡಾಗಿದೆ ಅಂತ ನೋಡಿ. ವಿಡಿಯೋ ಮೇಲೇ ಅಕ್ಷರದಲ್ಲಿ ಬರೆದಿರೋ ಮಾತನ್ನ ಕ್ಯಾಪ್ಷನ್‌ನಲ್ಲಿ ಮತ್ತೆ ಬರೆದರೆ ಆ ಜಾಗ ದಂಡ.

ಇನ್ನೊಂದು, "ಯಾವ ಕತ್ತಿಗಾದರೂ ಸರಿ" ಅಂತ ಸೇರಿಸೋ ಆಸೆ ಬರುತ್ತೆ. ಬೇಡ. ವಿ ಕತ್ತಿನ ಮೂಲೆ ತನಕ ಈ ಎರಡನೇ ಹೊಲಿಗೆ ಹೋಗಲ್ಲ, ಮೆಷಿನ್ ಪಾದ ಎಲ್ಲಿವರೆಗೆ ಹೋಗುತ್ತೋ ಅಲ್ಲಿಗೆ ನಿಲ್ಲಿಸಬೇಕಾಗುತ್ತೆ. ಹೊಲಿಗೆ ಬಲ್ಲವರು ಕಮೆಂಟಲ್ಲಿ ಮೊದಲು ಹಿಡಿಯೋದೇ ಇಂಥದ್ದನ್ನ. ಮೊದಲ ಸಾಲಲ್ಲಿ ಸುಕ್ಕಿನ ಬಗ್ಗೆ ಕೇಳಿ, ವಿಡಿಯೋದಲ್ಲಿ ಕಚ್ಚು ಹಾಕೋದನ್ನ ವೇಗವಾಗಿ ಓಡಿಸಿಬಿಟ್ಟಿದ್ದರೂ ಅಷ್ಟೇ, "ಎಲ್ಲಿ ತೋರಿಸಿದ್ರಿ?" ಅಂತ ಕೇಳ್ತಾರೆ. ಹಾಗೆ ಕೇಳಿದರೆ ಸಾಲನ್ನ ಬದಲಾಯಿಸಿ. ಕ್ಯಾಪ್ಷನ್ ತಿದ್ದೋದು ವಿಡಿಯೋ ಮತ್ತೆ ತೆಗೆಯೋದಕ್ಕಿಂತ ಸುಲಭ.

ಅಂಗಡಿ ಹೆಸರು, ನಮಸ್ಕಾರ, ಹ್ಯಾಶ್‌ಟ್ಯಾಗ್ ಎಲ್ಲ ಕೆಳಗಿರಲಿ.