ಒಂದೇ ಥರ ಕಾಣುವ ಎರಡು ವಜ್ರ, ರೇಟು ಮಾತ್ರ ಬೇರೆ

ಪ್ರಶ್ನೆ: ಮಗಳ ನಿಶ್ಚಿತಾರ್ಥಕ್ಕೆ ಒಂಟಿ ಕಲ್ಲಿನ ಉಂಗುರ ನೋಡುತ್ತಿದ್ದೇವೆ. ಮೊದಲ ಅಂಗಡಿಯವರು 48 ಸೆಂಟ್ ಕಲ್ಲು ತೋರಿಸಿ ‘ಇ ಕಲರ್, ವಿವಿಎಸ್2’ ಎಂದು ಅಂಗಡಿಯದೇ ಕಾರ್ಡ್ ಕೊಟ್ಟರು. ಕಲ್ಲಿಗೆ ಮಾತ್ರ 1,10,400 ರೂಪಾಯಿ. ಎರಡನೇ ಅಂಗಡಿಯದು 51 ಸೆಂಟ್, ‘ಜಿ ಕಲರ್, ವಿಎಸ್2’, ಜಿಐಎ ಎಂಬ ಲ್ಯಾಬಿನ ಸರ್ಟಿಫಿಕೇಟ್ ಇದೆ. 1,37,700 ರೂಪಾಯಿ. ಗ್ರೇಡ್ ಕಡಿಮೆ ಇರುವ ಕಲ್ಲಿಗೆ ಬೆಲೆ ಹೇಗೆ ಜಾಸ್ತಿ? ಬರೀ ಕಾಗದಕ್ಕೆ 27 ಸಾವಿರ ಕೊಡಬೇಕಾ? ಎರಡರ ಚೀಟಿಯ ಫೋಟೋ ಕಳಿಸಿದ್ದೇನೆ.
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಕಾಗದಕ್ಕಲ್ಲ. ಅರ್ಧ ಕ್ಯಾರೆಟ್ ಕಲ್ಲನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ಶುಲ್ಕ ಈ ವ್ಯತ್ಯಾಸದ ಹತ್ತಿರಕ್ಕೂ ಬರುವುದಿಲ್ಲ. ಹಾಗಾದರೆ ದುಡ್ಡು ಎಲ್ಲಿಗೆ ಹೋಯಿತು? ನಿಮ್ಮ ಫೋಟೋಗಳಲ್ಲೇ ಅರ್ಧ ಉತ್ತರ ಇದೆ.

ಮೊದಲು ಎರಡನ್ನೂ ಕ್ಯಾರೆಟ್ ಲೆಕ್ಕಕ್ಕೆ ತನ್ನಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅದರಲ್ಲಿ 100 ಸೆಂಟ್. (ಚಿನ್ನದ 18 ಕ್ಯಾರೆಟ್ ಬೇರೆ, ಅದು ಶುದ್ಧತೆಯ ಅಳತೆ. ಹೆಸರು ಒಂದೇ ಆಗಿರುವುದರಿಂದ ತುಂಬ ಜನ ಗಲಿಬಿಲಿ ಆಗುತ್ತಾರೆ.) ಮೊದಲ ಕಲ್ಲು ಕ್ಯಾರೆಟ್‌ಗೆ 2,30,000 ಬೀಳುತ್ತದೆ. ಎರಡನೆಯದು 2,70,000. ಈ 40,000ದಲ್ಲಿ ಒಂದು ಪಾಲು ನ್ಯಾಯವಾದದ್ದೇ. ವಜ್ರದ ಬೆಲೆ ತೂಕದ ಜೊತೆ ಸಮವಾಗಿ ಏರುವುದಿಲ್ಲ, ಮೆಟ್ಟಿಲು ಹತ್ತುತ್ತದೆ. 50 ಸೆಂಟ್ ಅಂಥ ಒಂದು ಮೆಟ್ಟಿಲು, ಒಂದು ಕ್ಯಾರೆಟ್ ಇನ್ನೊಂದು. 48 ಸೆಂಟಿನದು ಮೆಟ್ಟಿಲ ಕೆಳಗಿದೆ, ಹಾಗಾಗಿ ಕ್ಯಾರೆಟ್ ದರವೂ ಕಡಿಮೆ. ಇಷ್ಟೇ ಆಗಿದ್ದರೆ ನಾನೇ ‘48 ತಗೊಳ್ಳಿ, ಬೆರಳಲ್ಲಿ ಯಾರಿಗೂ ಗೊತ್ತಾಗಲ್ಲ’ ಅನ್ನುತ್ತಿದ್ದೆ.

ಆದರೆ ಅಳತೆ ನೋಡಿ. ಮೊದಲ ಕಾರ್ಡಿನಲ್ಲಿ ವ್ಯಾಸ 4.90 ಮಿ.ಮೀ., ಎತ್ತರ 3.22 ಮಿ.ಮೀ. ಅಂತಿದೆ. ಅಂದರೆ ಎತ್ತರ ವ್ಯಾಸದ ಶೇ 66ರಷ್ಟಾಯಿತು. ಎರಡನೆಯದರ ವ್ಯಾಸ 5.15, ಎತ್ತರ 3.18, ಸುಮಾರು ಶೇ 62. ಚೆನ್ನಾಗಿ ಕಟ್ ಮಾಡಿದ ದುಂಡು ವಜ್ರದಲ್ಲಿ ಇದು ಸಾಮಾನ್ಯವಾಗಿ 59ರಿಂದ 63ರ ಒಳಗಿರುತ್ತದೆ. ಮೊದಲ ಕಲ್ಲಿಗೆ ಹೊಟ್ಟೆ ಬಂದಿದೆ ಅನ್ನಿ. ಕಚ್ಚಾ ಕಲ್ಲಿನಲ್ಲಿ ತೂಕ ಉಳಿಸಲು ಕೆಳಭಾಗವನ್ನು ಆಳವಾಗಿಯೇ ಬಿಟ್ಟಿರುತ್ತಾರೆ. ಒಳ್ಳೆಯ ಕಟ್ ಇದ್ದರೆ 4.90 ಮಿ.ಮೀ. ಕಲ್ಲು ಸುಮಾರು 44 ಸೆಂಟ್ ತೂಗಬೇಕು. ನೀವು 48ಕ್ಕೆ ದುಡ್ಡು ಕೊಡುತ್ತೀರಿ, ಕಣ್ಣಿಗೆ ಕಾಣುವುದು 44. ಆ 44ಕ್ಕೆ ಲೆಕ್ಕ ಹಾಕಿದರೆ ಕ್ಯಾರೆಟ್‌ಗೆ ಸುಮಾರು 2,51,000 ಆಯಿತು. ಅಗ್ಗದ ಅರ್ಧ ಇಲ್ಲೇ ಕರಗಿತು, ಅಲ್ವಾ?

ಹೊಳಪಿನ ಕಥೆಯೂ ಇದೇ. ಮೇಲಿಂದ ಹೋದ ಬೆಳಕು ಒಳಗಿನ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ತೀರಾ ಆಳವಾದರೆ ಅದು ಪಕ್ಕದಿಂದ, ಕೆಳಗಿನಿಂದ ಸೋರಿಹೋಗುತ್ತದೆ, ಕಲ್ಲಿನ ನಡುವೆ ಕಪ್ಪು ಛಾಯೆ ಕೂರುತ್ತದೆ. ಅಂಗಡಿಯ ಸ್ಪಾಟ್ ಲೈಟ್ ಕೆಳಗೆ ಯಾವ ವಜ್ರವೂ ಮಿಂಚುತ್ತದೆ. ಎರಡನ್ನೂ ಬಾಗಿಲ ಹತ್ತಿರ ತಂದು, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ತೂಕ, ಕಟ್, ಕಲರ್, ಕ್ಲಾರಿಟಿ ಎಂಬ ನಾಲ್ಕು ಗುಣಗಳಲ್ಲಿ ನಾನು ಕೊನೆಯವರೆಗೂ ಬಿಟ್ಟುಕೊಡದಿರುವುದು ಕಟ್ ಒಂದನ್ನೇ.

ಇನ್ನು ಕಲರ್, ಕ್ಲಾರಿಟಿ. ಕಲರ್ ಪಟ್ಟಿ ‘ಡಿ’ಯಿಂದ ಶುರುವಾಗುತ್ತದೆ, ಅದೇ ಬಣ್ಣವಿಲ್ಲದ್ದು. ‘ಝಡ್’ ಕಡೆಗೆ ಹೋದಂತೆ ಹಳದಿ ಏರುತ್ತದೆ. ಲ್ಯಾಬಿನವರು ಬಿಡಿ ಕಲ್ಲನ್ನು ಮುಖ ಕೆಳಗೆ ಮಾಡಿಟ್ಟು, ಮಾದರಿ ಕಲ್ಲುಗಳ ಪಕ್ಕ ಹೋಲಿಸಿ ಬಣ್ಣ ಹೇಳುತ್ತಾರೆ. ಚಿನ್ನದಲ್ಲಿ ಕೂರಿಸಿದ ಮೇಲೆ ಅಷ್ಟು ನಿಖರವಾಗಿ ಹೇಳಲು ಆಗುವುದಿಲ್ಲ. ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಹಿಂಬದಿ ಮುಚ್ಚಿದ ಏಳು ಕಲ್ಲಿನ ಹಳೆಯ ಓಲೆ ನೋಡಿ ‘ಎಚ್ ಇರಬಹುದು’ ಅಂದೆ. ಕಲ್ಲು ಬಿಚ್ಚಿ ಬಿಳಿ ಹಾಳೆಯ ಮೇಲೆ ಇಟ್ಟಾಗ ‘ಕೆ’ಗಿಂತ ಮೇಲೆ ಹೇಳಲು ಬಾಯಿ ಬರಲಿಲ್ಲ. ಕ್ಲಾರಿಟಿಯನ್ನು, ಅಂದರೆ ಕಲ್ಲಿನ ದೋಷ ಎಷ್ಟಿದೆ ಎಂಬುದನ್ನು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡುತ್ತಾರೆ. ವಿವಿಎಸ್2ಗಿಂತ ಕೆಳಗಿನ ವಿಎಸ್2 ಕಲ್ಲಿನ ದೋಷವೂ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ನಿಮ್ಮ ಮಗಳ ಉಂಗುರ ಹಳದಿ ಚಿನ್ನದ್ದಾದರೆ ‘ಇ, ವಿವಿಎಸ್2’ಗೂ ‘ಜಿ, ವಿಎಸ್2’ಗೂ ಬೆರಳ ಮೇಲೆ ವ್ಯತ್ಯಾಸ ಹುಡುಕುವುದು ಕಷ್ಟ. ಆದರೆ ಸಗಟು ಮಾರುಕಟ್ಟೆಯಲ್ಲಿ ಮೊದಲನೆಯದಕ್ಕೆ ಒಳ್ಳೆ ಬೆಲೆ ಇದೆ. ಸಂಶಯ ಬರುವುದು ಇಲ್ಲಿಯೇ.

ಆ ಕಲ್ಲು ನಿಜವಾಗಿಯೂ ‘ಇ, ವಿವಿಎಸ್2’ ಆಗಿದ್ದರೆ ಯಾವ ವ್ಯಾಪಾರಿಯೂ ಅದನ್ನು ಸರ್ಟಿಫಿಕೇಟ್ ಇಲ್ಲದೆ ‘ಜಿ’ಗಿಂತ ಕಡಿಮೆಗೆ ಕೊಡುವುದಿಲ್ಲ. ಸಣ್ಣ ಶುಲ್ಕ ಕಟ್ಟಿ ಲ್ಯಾಬಿಗೆ ಕಳಿಸಿದರೆ ತಾನೇ ಜಾಸ್ತಿ ಬೆಲೆಗೆ ಮಾರಬಹುದು. ಕಳಿಸಿಲ್ಲ ಅಂದರೆ ಒಂದೋ ಕಲ್ಲು ಆ ಗ್ರೇಡಿನದಲ್ಲ, ಇಲ್ಲವೇ ಅವರಿಗೇ ಖಾತ್ರಿ ಇಲ್ಲ. ಅಂಗಡಿ ಕಾರ್ಡಿನ ‘ಇ’ಯನ್ನೂ ಜಿಐಎ ಹೇಳುವ ‘ಇ’ಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಮಾರುವವನೇ ಕೊಟ್ಟ ಅಂಕ ಒಂದು, ಮಾರಾಟದಲ್ಲಿ ಪಾಲಿಲ್ಲದವರು ಕೊಟ್ಟ ಅಂಕ ಇನ್ನೊಂದು. ಕಾರ್ಡಿನಲ್ಲಿ ‘ಇ’ ಬರೆದು, ರೇಟಿನಲ್ಲಿ ಮಾತ್ರ ನಿಜವಾದ ಬಣ್ಣಕ್ಕೆ ಹತ್ತಿರವಾದ ಬೆಲೆ ಹಾಕಿರುವ ಸಾಧ್ಯತೆಯೇ ಜಾಸ್ತಿ. ಬೇಕಾದರೆ ಹೀಗೆ ಕೇಳಿ ನೋಡಿ: ‘ಕಲ್ಲನ್ನು ಕೂರಿಸುವ ಮೊದಲೇ ಲ್ಯಾಬಿಗೆ ಕಳಿಸೋಣ, ಖರ್ಚು ನನ್ನದು. ಇ, ವಿವಿಎಸ್2 ಬಂದರೆ ಇದೇ ಬೆಲೆಗೆ ತಗೋತೀನಿ, ಇಲ್ಲದಿದ್ದರೆ ಬೇಡ. ಇದನ್ನ ಬಿಲ್ಲಿನ ಮೇಲೆ ಬರೆದುಕೊಡಿ.’ ಒಪ್ಪಿದರೆ ನಿಮಗೆ ಲಾಭ. ಒಪ್ಪದಿದ್ದರೆ ಉತ್ತರ ಸಿಕ್ಕಿತು.

ಇನ್ನೊಂದು ಮಾತು. ಕಾರ್ಡಿನಲ್ಲಿ ಬರೀ ‘ಡೈಮಂಡ್’ ಅಂತಿದೆ. ಲ್ಯಾಬಿನಲ್ಲಿ ಬೆಳೆಸಿದ್ದೂ ವಜ್ರವೇ, ಆದರೆ ಬೆಲೆ ಗಣಿಯ ವಜ್ರದ ಒಂದು ಸಣ್ಣ ಪಾಲು. ಅಂಗಡಿಯಲ್ಲಿ ಪೆನ್ನಿನಂಥ ಟೆಸ್ಟರ್ ಮುಟ್ಟಿಸಿ ‘ನೋಡಿ, ಅಸಲಿ’ ಅನ್ನುತ್ತಾರಲ್ಲ, ಶಾಖ ಅಳೆಯುವ ಆ ಸಾಮಾನ್ಯ ಟೆಸ್ಟರ್ ಇವೆರಡರ ವ್ಯತ್ಯಾಸ ಹೇಳುವುದಿಲ್ಲ. ಲ್ಯಾಬಿನ ಯಂತ್ರ ಹೇಳುತ್ತದೆ, ವರದಿಯಲ್ಲಿ ಹಾಗೆಂದೇ ಬರೆದಿರುತ್ತದೆ. ಉಂಗುರದ ಹಾಲ್‌ಮಾರ್ಕ್ ತೋರಿಸಿ ಸಮಾಧಾನ ಮಾಡಿದರೆ ನಂಬಬೇಡಿ, ಅದು ಚಿನ್ನಕ್ಕೆ ಮಾತ್ರ.

ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಅದರಲ್ಲಿ ಬೆಲೆ ಇರುವುದಿಲ್ಲ. ಗ್ರೇಡ್ ಹೇಳುವವರೂ ಮನುಷ್ಯರೇ, ಗಡಿಯಲ್ಲಿರುವ ಕಲ್ಲು ಎರಡನೇ ಸಲ ಒಂದು ಗ್ರೇಡ್ ಆಚೀಚೆ ಬರಬಹುದು. ಎಲ್ಲ ಲ್ಯಾಬುಗಳೂ ಒಂದೇ ಬಿಗಿ ಇಟ್ಟುಕೊಂಡಿಲ್ಲ ಎಂದು ವ್ಯಾಪಾರಿಗಳೂ ಎಣಿಸುತ್ತಾರೆ, ಅದಕ್ಕೇ ಅದೇ ಅಕ್ಷರಕ್ಕೆ ಲ್ಯಾಬ್ ನೋಡಿ ರೇಟು ಬದಲಾಗುತ್ತದೆ. ಅಸಲಿ ಕಾಗದಕ್ಕೆ ಬೇರೆ ಕಲ್ಲು ಜೋಡಿಸುವುದೂ ಉಂಟು.

ಎರಡನೇ ಅಂಗಡಿಗೆ ಹೋದಾಗ ಅಲ್ಲೇ ಫೋನಿನಲ್ಲಿ gia.edu ತೆರೆದು ವರದಿ ಸಂಖ್ಯೆ ಹಾಕಿ. ತೂಕ, ಅಳತೆ, ಗ್ರೇಡ್ ಕಾಗದದಲ್ಲಿದ್ದಂತೆಯೇ ಬರಬೇಕು. ಆಮೇಲೆ ಲೂಪ್ ಕೇಳಿ, ಕಲ್ಲಿನ ಸೊಂಟದ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಅದೇ ಸಂಖ್ಯೆಯನ್ನು ಓದಿಸಿಕೊಳ್ಳಿ. ಅವರು ಉಂಗುರ ಮಾಡಿ ಕೊಟ್ಟ ದಿನ ಇನ್ನೊಮ್ಮೆ ಓದಿ, ಆಮೇಲೆ ಬಾಕಿ ಕೊಡಿ.