ಅಕ್ಕನಿಗೆ ಕೇಳಿದ್ದನ್ನು ಸಿದ್ಧರಾಮನಿಗೆ ಯಾಕೆ ಕೇಳಲಿಲ್ಲ?

*ಸರ್, ನಾನು ಜಮಖಂಡಿಯಲ್ಲಿ ಬಿ.ಎ. ಕೊನೇ ವರ್ಷ ಓದುತ್ತಿದ್ದೇನೆ. ‘ಧರ್ಮಗ್ರಂಥಗಳ ಸ್ತ್ರೀವಾದಿ ಓದು’ ಅಂತ ಪ್ರಬಂಧ ಬರೆದು ಕ್ಲಾಸಿನಲ್ಲಿ ಓದಿದೆ. ಅರ್ಧ ಬೈಬಲ್ ಬಗ್ಗೆ, ಅರ್ಧ ಅಕ್ಕಮಹಾದೇವಿ ಬಗ್ಗೆ. ನಮ್ಮ ಸರ್ ‘ಅನುಭಾವಕ್ಕೆ ಹೆಣ್ಣು ಗಂಡು ಅಂತ ಇಲ್ಲ, ಇದು ಹೊರಗಿನ ಕನ್ನಡಕ’ ಎಂದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟರು. ಪ್ರತಿ ಕಳಿಸಿದ್ದೇನೆ. ನಾನು ಓದಿದ ರೀತಿಯೇ ತಪ್ಪಾ?*
*ಒಬ್ಬ ವಿದ್ಯಾರ್ಥಿನಿ, ಜಮಖಂಡಿ*

ತಂಗಿ, ಮೊದಲು ನಿಮ್ಮ ಸರ್ ಪರವಾಗಿ ಒಂದು ಮಾತು ಹೇಳಿ ಮುಗಿಸಿಬಿಡುತ್ತೇನೆ. ಅವರ ಮಾತಿಗೆ ಆಧಾರ ಇದೆ. ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಅಂತ ಜೇಡರ ದಾಸಿಮಯ್ಯ ಹೇಳಿಯಾಗಿದೆ. ದೊಡ್ಡ ಮಾತು, ಒಪ್ಪೋಣ. ಆದರೆ ಅದು ಆತ್ಮದ ಬಗ್ಗೆ ಹೇಳಿದ್ದು. ಅನುಭವ ಮಂಟಪದಲ್ಲಿ ಕೂತಿದ್ದವರು ಮೈ ಇದ್ದ ಮನುಷ್ಯರು.

ಶರಣರ ವಚನಗಳನ್ನು ಸಂವಾದದಂತೆ ಜೋಡಿಸಿದ ಶೂನ್ಯಸಂಪಾದನೆಯನ್ನೇ ತೆಗೆದುಕೋ. ಅಲ್ಲಮಪ್ರಭು ಅಲ್ಲಿ ಯಾರನ್ನೂ ಸುಮ್ನೆ ಬಿಡುವುದಿಲ್ಲ, ಬಂದವರಿಗೆಲ್ಲ ಪರೀಕ್ಷೆ. ಸೊನ್ನಲಿಗೆಯ, ಅಂದರೆ ನಮ್ಮ ಪಕ್ಕದ ಸೊಲ್ಲಾಪುರದ, ಸಿದ್ಧರಾಮನನ್ನು ಎಲ್ಲಿ ಕೆಣಕುತ್ತಾನೆ? ಕೆರೆ ಕಟ್ಟಿಸುವ ಕೆಲಸದಲ್ಲಿ. ಒಡ್ಡ ಅಂತ ಕರೆದು, ನೆಲ ಅಗೆದರೆ ಏನು ಬಂತು ಅಂತ ಚುಚ್ಚುತ್ತಾನೆ. ಅಕ್ಕ ಬಂದಾಗ ಕೇಳುವುದು ಏನು? ನಿನ್ನ ಗಂಡ ಯಾರು, ಸೀರೆ ಬಿಟ್ಟವಳು ಕೂದಲಿನಿಂದ ಮೈ ಯಾಕೆ ಮುಚ್ಚಿಕೊಂಡೆ. ಗಂಡಸಿಗೆ ಅವನ ಕೆಲಸದ ಪ್ರಶ್ನೆ, ಹೆಂಗಸಿಗೆ ಗಂಡನ ಮತ್ತು ಮೈಯ ಪ್ರಶ್ನೆ. ಅನುಭಾವಕ್ಕೆ ಲಿಂಗ ಇಲ್ಲ ಅನ್ನುವವರು ಈ ಎರಡು ಪ್ರಶ್ನೆಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ನೀನು ನೋಡಿದ್ದೀಯ. ಆ ಆರನೇ ಪುಟವೊಂದಕ್ಕೇ ನಾನಾಗಿದ್ದರೆ ಏಳು ಅಂಕ ಕೊಡುತ್ತಿದ್ದೆ.

ಅಕ್ಕ ಕೊಡುವ ಉತ್ತರವನ್ನು ಮಾತ್ರ ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ, ಅದು ಬೇಜಾರು. ‘ಫಲ ಒಳಗೆ ಪಕ್ವವಾಗಿಯಲ್ಲದೆ ಹೊರಗಣ ಸಿಪ್ಪೆ ಒಪ್ಪಗೆಡದು’ ಎಂಬ ಮೊದಲ ಸಾಲನ್ನು ಎಲ್ಲರೂ ಹೇಳುತ್ತಾರೆ, ಪ್ರವಚನದಲ್ಲೂ ಅದೇ, ಗೈಡಿನಲ್ಲೂ ಅದೇ. ಮುಂದಿನದು ನೋಡು: ‘ಕಾಮನ ಮುದ್ರೆಯ ಕಂಡು ನಿಮಗೆ ನೋವಾದೀತೆಂದು ಆ ಭಾವದಿಂದ ಮುಚ್ಚಿದೆ.’ ನಿಮಗೆ ನೋವಾದೀತು ಅಂತ! ಆಕೆ ನಾಚಿ ಮುಚ್ಚಿಕೊಂಡಿದ್ದಲ್ಲ. ನೋಡುವ ಕಣ್ಣಿನ ತೊಂದರೆಯನ್ನು ನೋಡುವವರಿಗೇ ವಾಪಸ್ ಕೊಡುತ್ತಾಳೆ. ಆಮೇಲೆ ಇದಕ್ಕೆ ನೋವೇಕೆ, ನನ್ನನ್ನು ಕಾಡಬೇಡ ಅಣ್ಣಾ ಅನ್ನುತ್ತಾಳೆ. ಕ್ಯಾಲೆಂಡರ್ ಚಿತ್ರದವರು ಅದೇ ಕೂದಲನ್ನು ಮೊಳಕಾಲಿನವರೆಗೆ ಇಳಿಬಿಟ್ಟು ಲಜ್ಜೆಯ ಗುರುತು ಮಾಡಿಟ್ಟರಲ್ಲ, ಅದಕ್ಕೆ ಏನನ್ನಬೇಕು.

ಈಗ ಸ್ವಲ್ಪ ಬೈಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಪ್ರಬಂಧದಲ್ಲಿ ಎರಡು ಬೇರೆ ಬೇರೆ ಓದುಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಮೊದಲರ್ಧದಲ್ಲಿ ಬೈಬಲ್ಲಿನ ಸ್ತ್ರೀವಾದಿ ವಿದ್ವಾಂಸೆ ಫಿಲಿಸ್ ಟ್ರಿಬಲ್ 1978ರ ಪುಸ್ತಕದಲ್ಲಿ ಮಾಡಿದಂತೆ ಮಾಡುತ್ತೀಯ. ಆಕೆ ಬೈಬಲ್ಲಿನ ಮೊದಲ ಪುಸ್ತಕ ತೆಗೆದು, ತಪ್ಪು ವ್ಯಾಖ್ಯಾನಕಾರರದು, ಮೂಲವನ್ನು ಸರಿಯಾಗಿ ಓದಿ ಅನ್ನುತ್ತಾಳೆ. ಹವ್ವ ಗಂಡನನ್ನು ಮರುಳು ಮಾಡಿ ಹಣ್ಣು ತಿನ್ನಿಸಿದಳು ಅಂತ ಶತಮಾನಗಟ್ಟಲೆ ಹೇಳಿದರು. ಮೂಲದಲ್ಲಿ ಗಂಡ ಆಕೆಯ ಜೊತೆಗೇ ಇದ್ದ, ಕೊಟ್ಟಳು, ತಿಂದ, ಅಷ್ಟೇ. ದ್ವಿತೀಯಾರ್ಧದಲ್ಲಿ ನೀನು ಅಂಥದ್ದೇ ಇನ್ನೊಬ್ಬ ವಿದ್ವಾಂಸೆ ಎಲಿಸಬೆತ್ ಶುಸ್ಲರ್ ಫಿಯೊರೆಂಜಾ ದಾರಿ ಹಿಡಿಯುತ್ತೀಯ. ಆಕೆ ಮೂಲವನ್ನೂ ಪೂರ್ತಿ ನಂಬುವುದಿಲ್ಲ. ಯಾರು ಬರೆದರು, ಯಾರಿಗೆ ಅನುಕೂಲವಾಗಲಿ ಅಂತ ಬರೆದರು, ಯಾರ ಹೆಸರು ಬಿಟ್ಟರು ಅಂತ ಅನುಮಾನದಿಂದ ಶುರು ಮಾಡುತ್ತಾಳೆ. ಮೂಲ ನಿರ್ದೋಷಿ ಅಂತ ಮೂರನೇ ಪುಟದಲ್ಲಿ ಹೇಳಿ, ಎಂಟನೇ ಪುಟದಲ್ಲಿ ಮೂಲವೇ ಆರೋಪಿ ಅಂದರೆ ನಿಮ್ಮ ಸರ್ ಹಿಡಿಯದೆ ಬಿಡ್ತಾರಾ?

ಎರಡೂ ಬೇಕು, ಆದರೆ ಬೇರೆ ಬೇರೆ ಕಡೆ. ಶೂನ್ಯಸಂಪಾದನೆಯಲ್ಲಿ ವಚನಗಳು ಒಂದು ಪದರ. ಅವುಗಳನ್ನು ಜೋಡಿಸಿ ಸಂವಾದದಂತೆ ಮಾಡಿದ ಗದ್ಯ ಇನ್ನೊಂದು ಪದರ. ಜೋಡಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ, ಎಲ್ಲರೂ ಗಂಡಸರು, ಅಕ್ಕನಿಗಿಂತ ಸುಮಾರು ಮುನ್ನೂರು ವರ್ಷ ಈಚಿನವರು. ಯಾವ ವಚನಕ್ಕೆ ಯಾವ ವಚನ ಉತ್ತರ ಅಂತ ಕೂರಿಸಿದ್ದು ಅವರು. ಹಾಗಾಗಿ ಆ ಪರೀಕ್ಷೆಯ ಪಟ್ಟಿ ಹನ್ನೆರಡನೇ ಶತಮಾನದ ಕಲ್ಯಾಣದ್ದೋ, ಹದಿನೈದನೇ ಶತಮಾನದ ಮಠದ್ದೋ ಅನ್ನುವ ಅನುಮಾನವನ್ನು ಗದ್ಯದ ಮೇಲೆ ಇಡು. ವಚನವನ್ನು ಕಿವಿಗೊಟ್ಟು ಓದು. ಅದೂ ಜೋಪಾನ. ಅಂಕಿತ ಒಂದೇ ಆದ ಮಾತ್ರಕ್ಕೆ ಎಲ್ಲವೂ ಆಕೆಯದೇ ಅಂತ ಆಣೆ ಮಾಡಲು ಆಗುವುದಿಲ್ಲ, ನಮ್ಮ ಕೈಗೆ ಬಂದ ತಾಳೆಗರಿಗಳು ಬಹುಪಾಲು ಈಚಿನವು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ಅಕ್ಕನನ್ನು ಬಯಸಿದ ರಾಜ ಕೌಶಿಕನ ಕಥೆ ಸಾಕು. ನಿನ್ನ ಪ್ರಬಂಧದಲ್ಲಿ ಅದು ಇಲ್ಲವೇ ಇಲ್ಲ! ಅಕ್ಕನಿಗೆ ಹತ್ತಿರದ ಕಾಲದವನಾದ ಹರಿಹರನ ರಗಳೆಯಲ್ಲಿ ಆಕೆ ಕೌಶಿಕನನ್ನು ಮದುವೆಯಾಗುತ್ತಾಳೆ. ತಂದೆ ತಾಯಿಗೆ ಅಪಾಯ ಬಂದಾಗ, ಪೂಜೆಗೆ, ಶರಣರ ಸಂಗಕ್ಕೆ ಅಡ್ಡ ಬರಬಾರದು ಅಂತ ಶರತ್ತು ಹಾಕಿ ಒಪ್ಪುತ್ತಾಳೆ. ಅವನು ಮೂರು ಸಲ ತಪ್ಪುತ್ತಾನೆ, ಎದ್ದು ಹೊರಡುತ್ತಾಳೆ. ಹದಿನೈದನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗುವುದಿಲ್ಲ. ಅದರ ಮೇಲೆ ಆಕೆ ಪಾರ್ವತಿಯ ಸಾತ್ವಿಕ ಕಳೆ, ಭೂಮಿಗೆ ಇಳಿದು ಬಂದವಳು. ನಡುವೆ ಯಾರಿಗೆ ಏನು ಚುಚ್ಚಿತು? ಗಂಡನ ಮನೆಯಲ್ಲಿ ಬಾಳಿ, ಸಾಕಾಗಿ, ಬಿಟ್ಟು ಬಂದ ಹೆಂಗಸನ್ನು ಪೂಜಿಸುವುದು ಕಷ್ಟವಾಯಿತು. ಎಂದೂ ಮುಟ್ಟದ ದೇವತೆಯನ್ನು ಪೂಜಿಸುವುದು ಸುಲಭ. ಈ ಮಾತು ನನ್ನ ಊಹೆ, ಆದರೆ ಎರಡು ಕಾವ್ಯಗಳ ವ್ಯತ್ಯಾಸ ಊಹೆಯಲ್ಲ, ಯಾರು ಬೇಕಾದರೂ ತೆಗೆದು ನೋಡಬಹುದು. ವಚನಗಳಿಂದ ಮದುವೆ ಆಯಿತೋ ಇಲ್ಲವೋ ತೀರ್ಮಾನ ಮಾಡಲು ಹೋಗಬೇಡ. ‘ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ’ ಅನ್ನುವುದರಿಂದ ಸಿಟ್ಟು ಗೊತ್ತಾಗುತ್ತದೆ, ಲಗ್ನಪತ್ರಿಕೆ ಸಿಗುವುದಿಲ್ಲ.

‘ಅಕ್ಕ ಭಾರತದ ಮೊದಲ ಸ್ತ್ರೀವಾದಿ’ ಎಂಬ ಕೊನೇ ಸಾಲು ಮಾತ್ರ ಹೊಡೆದುಹಾಕು. ವೇದಿಕೆ ಮೇಲೆ ಚಪ್ಪಾಳೆಗೆ ಸರಿ, ಪ್ರಬಂಧಕ್ಕಲ್ಲ.

ಇನ್ನು ಕನ್ನಡಕದ ಮಾತು. ವಿಜಯಪುರದಲ್ಲಿ ಕೂತು ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿದರು. ಪೂಜೆಯ ಗಂಟಿನೊಳಗಿದ್ದದ್ದನ್ನು ಅಚ್ಚು ಮಾಡುವುದೂ ಆ ಕಾಲಕ್ಕೆ ಹೊಸ ಕನ್ನಡಕವೇ ಆಗಿತ್ತು, ಅಲ್ವಾ? ಸರ್ಕಾರದ ಹದಿನೈದು ಸಂಪುಟಗಳ ಸಮಗ್ರ ವಚನದಲ್ಲಿ ಶರಣೆಯರಿಗೇ ಒಂದು ಸಂಪುಟ ಇದೆ, ಮೂವತ್ತಕ್ಕೂ ಜಾಸ್ತಿ ಹೆಂಗಸರು. ನಮ್ಮ ಪಠ್ಯಗಳಿಗೆ ಮಾತ್ರ ವರ್ಷ ವರ್ಷವೂ ಬೆಟ್ಟದ ಮೇಲೊಂದು ಮನೆಯ ಮಾಡಿದ ಆ ಒಂದೇ ವಚನ. ಗಂಡ ಮಾರಯ್ಯ ಜಾಸ್ತಿ ಅಕ್ಕಿ ಆಯ್ದು ತಂದಾಗ, ಆಸೆ ಅರಸನಿಗಲ್ಲದೆ ಶಿವಭಕ್ತರಿಗುಂಟೆ ಅಂತ ಗದರಿಸಿ ವಾಪಸ್ ಸುರಿಯಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಎಷ್ಟು ಪಠ್ಯದಲ್ಲಿದ್ದಾಳೆ? ವಿಚಾರಸಂಕಿರಣಕ್ಕೆ ಹೋದರೆ ಶರಣೆಯರ ಗೋಷ್ಠಿ ಊಟದ ನಂತರ. ಅರ್ಧ ಜನ ಬಸ್ಸಿಗೆ ಹೊರಟಿರುತ್ತಾರೆ, ಉಳಿದವರಿಗೆ ನಿದ್ದೆ. ಅಧ್ಯಕ್ಷತೆಗೆ ಮತ್ತೆ ಒಬ್ಬ ಗಂಡಸು, ಆತ ‘ತಾಯಂದಿರ ತ್ಯಾಗ’ ಅಂತ ಶುರು ಮಾಡಿದರೆ ನಾನು ಚಹಾಕ್ಕೆ ಎದ್ದುಬಿಡುತ್ತೇನೆ.

ಬೈಬಲ್ ಅರ್ಧವನ್ನು ಎರಡು ಪುಟಕ್ಕೆ ಇಳಿಸು, ಹರಿಹರ ಮತ್ತು ಚಾಮರಸರನ್ನು ಪಕ್ಕಪಕ್ಕ ಇಟ್ಟು ಮತ್ತೆ ಬರೆ. ಒಂದು ಪ್ರತಿ ನಿಮ್ಮ ಸರ್‌ಗೆ, ಒಂದು ನಮಗೆ. ಪುಟದ ಒಂದೇ ಬದಿಗೆ ಬರೆದು ಕಳಿಸು, ನಮ್ಮ ಡಿ.ಟಿ.ಪಿ. ಹುಡುಗ ಎರಡೂ ಬದಿ ಬರೆದದ್ದನ್ನು ಕಂಡರೆ ಮುನಿಸಿಕೊಳ್ಳುತ್ತಾನೆ.